ಹದಿಮೂರು ಲಾಟ್ ಹಾಕಿದರೂ ಚೀಟಿ ಒಂದೇ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಚನ್ನಗಿರಿ ಕಡೆಯವನು. ಎರಡು ವರ್ಷದಲ್ಲಿ ಎಂಟು ಕಂಪನಿಗಳ ಐಪಿಒಗೆ, ಅಂದರೆ ಮೊದಲ ಷೇರು ಮಾರಾಟಕ್ಕೆ, ಅರ್ಜಿ ಹಾಕಿದ್ದೇನೆ. ಪ್ರತಿ ಸಲವೂ ಎರಡು ಲಕ್ಷದ ಹತ್ತಿರ, ಅಂದರೆ ಹದಿಮೂರು ಲಾಟ್. ಏಳು ಸಲ ಒಂದು ಷೇರೂ ಬರಲಿಲ್ಲ. ಪಕ್ಕದ ಮನೆಯ ಹುಡುಗ ಒಂದೇ ಲಾಟ್ ಹಾಕಿ ಪಡೆದ. ಎಂಟನೆಯದರಲ್ಲಿ ಕೇಳಿದ್ದೆಲ್ಲಾ ಬಂತು, ಆದರೆ ಲಿಸ್ಟ್ ಆದ ದಿನವೇ ಬೆಲೆ ಬಿತ್ತು. ಮನೆಯವಳ ಹೆಸರಿನಲ್ಲಿ ಹಾಕಿದ ಒಂದು ಅರ್ಜಿ ತಿರಸ್ಕೃತವಾಯಿತು, ಹಣ ಮಾತ್ರ ನನ್ನ ಖಾತೆಯಿಂದಲೇ ಬ್ಲಾಕ್ ಆಗಿತ್ತು. ಕಡಿಮೆ ಬೆಲೆಗೆ ಬಿಡ್ ಮಾಡಿ, ಮೊದಲ ದಿನವೇ ಹಾಕಿ ಎಂದು ಸ್ನೇಹಿತರು ಹೇಳುತ್ತಾರೆ. ಇದರಲ್ಲಿ ದೊಡ್ಡವರ ಕೈವಾಡ ಇದೆಯೇ? ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಮೇಷ್ಟ್ರೇ, ಮೊದಲು ಆ ಹದಿಮೂರು ಲಾಟಿನ ವಿಷಯ ಮುಗಿಸಿಬಿಡೋಣ. ಜನ ಮುಗಿಬಿದ್ದ ಐಪಿಒಗಳಲ್ಲಿ ನೀವು 1,95,000 ರೂಪಾಯಿ ಕಟ್ಟಿಹಾಕಿ ಕೂತಾಗಲೂ, 15,000 ಇಟ್ಟ ಪಕ್ಕದ ಮನೆ ಹುಡುಗನಿಗಿಂತ ನಿಮಗೆ ಒಂದು ಎಳ್ಳಷ್ಟೂ ಹೆಚ್ಚಿನ ಅವಕಾಶ ಇರಲಿಲ್ಲ. ದಾವಣಗೆರೆಯ ಬ್ರೋಕರ್ ಕಚೇರಿಯೊಂದರ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದೇನೆ. ಈ ಮಾತನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ಹೆಚ್ಚು ಕೊಟ್ಟವನಿಗೆ ಹೆಚ್ಚು ಸಿಗಬೇಕು ಎನ್ನುವುದು ಸಂತೆಯ ನ್ಯಾಯ, ಅದು ನಮ್ಮ ಮೈಗೆ ಅಂಟಿಕೊಂಡಿದೆ.

ಹಿಂದೆ ಹಾಗೇ ಇತ್ತು. ಕೇಳಿದ ಪ್ರಮಾಣಕ್ಕೆ ತಕ್ಕಂತೆ ಷೇರು ಹಂಚುತ್ತಿದ್ದರು, ಹಾಗಾಗಿ ಸಣ್ಣ ಅರ್ಜಿಯವರಿಗೆ ಚೂರುಪಾರು ಬರುತ್ತಿತ್ತು, ಇಲ್ಲವೇ ಏನೂ ಬರುತ್ತಿರಲಿಲ್ಲ. 2012ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಈ ಲೆಕ್ಕವನ್ನೇ ತಿರುಗಿಸಿತು. ಈಗಿನ ನಿಯಮ ಇಷ್ಟು: ರಿಟೇಲ್ ಪಾಲಿನಲ್ಲಿರುವ, ಅಂದರೆ ಎರಡು ಲಕ್ಷದವರೆಗೆ ಅರ್ಜಿ ಹಾಕುವ ಸಣ್ಣವರಿಗೆಂದು ಇಟ್ಟ ಷೇರುಗಳನ್ನು ಒಂದು ಲಾಟಿನ, ಅಂದರೆ ಕೇಳಬಹುದಾದ ಅತಿ ಚಿಕ್ಕ ಕಟ್ಟಿನ ಗಾತ್ರದಿಂದ ಭಾಗಿಸಬೇಕು. ಬಂದ ಸಂಖ್ಯೆ ಎಷ್ಟೋ ಅಷ್ಟು ಜನರಿಗೆ ಮಾತ್ರ ಷೇರು ಕೊಡಲು ಸಾಧ್ಯ. ಸರಿಯಾದ ಅರ್ಜಿಗಳು ಅದಕ್ಕಿಂತ ಹೆಚ್ಚಿದ್ದರೆ ಚೀಟಿ ಎತ್ತಬೇಕು, ಗೆದ್ದವನಿಗೆ ಒಂದೇ ಲಾಟ್. ನಿಮ್ಮ ಅರ್ಜಿಯಲ್ಲಿ ಹದಿಮೂರು ಲಾಟ್ ಇರಲಿ ಒಂದಿರಲಿ, ಡಬ್ಬಿಯೊಳಗೆ ಬೀಳುವ ಚೀಟಿ ಒಂದೇ.

ನಿಜವಾದ ಒಂದು ಐಪಿಒ ಹಿಡಿದು ನೋಡೋಣ. 2023ರ ನವೆಂಬರಿನಲ್ಲಿ ಟಾಟಾ ಟೆಕ್ನಾಲಜೀಸ್ ಬಂತು. ಬೆಲೆ ಪಟ್ಟಿ 475ರಿಂದ 500, ಲಾಟಿಗೆ 30 ಷೇರು, ಅಂದರೆ 15,000 ರೂಪಾಯಿ. ಒಟ್ಟು 6.08 ಕೋಟಿ ಷೇರುಗಳಲ್ಲಿ ನೌಕರರಿಗೂ ಟಾಟಾ ಮೋಟಾರ್ಸ್ ಷೇರುದಾರರಿಗೂ ಇಟ್ಟದ್ದನ್ನು ಕಳೆದು, ಉಳಿದದ್ದರಲ್ಲಿ ಶೇ 35 ರಿಟೇಲ್‌ಗೆ. ಅದು ಸುಮಾರು 1.84 ಕೋಟಿ ಷೇರು. 30ರಿಂದ ಭಾಗಿಸಿದರೆ ಸುಮಾರು 6.15 ಲಕ್ಷ ಲಾಟ್. ದೇಶದಲ್ಲಿ ಎಷ್ಟೇ ಜನ ಅರ್ಜಿ ಹಾಕಲಿ, ರಿಟೇಲ್‌ನಲ್ಲಿ ಷೇರು ಸಿಗುವುದು ಹೆಚ್ಚೆಂದರೆ 6.15 ಲಕ್ಷ ಮಂದಿಗೆ. ಎಲ್ಲಾ ವರ್ಗಗಳೂ ಸೇರಿ ಬಂದ ಅರ್ಜಿಗಳು 73 ಲಕ್ಷಕ್ಕೂ ಹೆಚ್ಚು, ಅದರಲ್ಲಿ ಬಹುಪಾಲು ಸಣ್ಣವರದ್ದೇ. ಷೇರು 500ಕ್ಕೆ ಕೊಟ್ಟದ್ದು ಲಿಸ್ಟ್ ಆಗಿದ್ದು 1,200ಕ್ಕೆ. ಸಿಕ್ಕವನು ಊರೆಲ್ಲಾ ಹೇಳಿಕೊಂಡು ತಿರುಗಿದ, ಸಿಗದ ಹತ್ತು ಹದಿನೈದು ಜನ ಸುಮ್ಮನಿದ್ದರು. ನಿಮ್ಮ ಕಣ್ಣಿಗೆ ಬೀಳುವುದು ಆ ಒಬ್ಬನೇ.

ಆ ಐಪಿಒದಲ್ಲಿ ರಿಟೇಲ್ ಪಾಲು ಹದಿನಾರೂವರೆ ಪಟ್ಟು ತುಂಬಿತು ಎಂದು ಪತ್ರಿಕೆಗಳಲ್ಲಿ ಬಂತು. ಈ ‘ಪಟ್ಟು’ ಷೇರುಗಳ ಲೆಕ್ಕ, ಜನರ ಲೆಕ್ಕ ಅಲ್ಲ. ನಿಮ್ಮಂತೆ ಹದಿಮೂರು ಲಾಟ್ ಹಾಕಿದವರಿದ್ದಾರಲ್ಲ, ಅವರು ಈ ಸಂಖ್ಯೆಯನ್ನು ಉಬ್ಬಿಸುತ್ತಾರೆ. ಚೀಟಿ ಎತ್ತುವಾಗ ಎಣಿಸುವುದು ಅರ್ಜಿಗಳನ್ನು. ಹಾಗಾಗಿ ಟಿವಿಯಲ್ಲಿ ತೋರಿಸುವ ‘ಪಟ್ಟು’ ಹೇಳುವುದಕ್ಕಿಂತ ನಿಜವಾದ ಅವಕಾಶ ಯಾವಾಗಲೂ ಸ್ವಲ್ಪ ಮೇಲಿರುತ್ತದೆ. ಜೊತೆಗೆ ಹಣ ಬ್ಲಾಕ್ ಆಗದ ಅರ್ಜಿ, ದೋಷವಿರುವ ಅರ್ಜಿಗಳನ್ನು ಕಿತ್ತುಹಾಕಿದ ಮೇಲೆ ಇನ್ನಷ್ಟು ಸುಧಾರಿಸುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಅಲಾಟ್‌ಮೆಂಟ್ ಮುಗಿದ ಮೇಲೆ ಕಂಪನಿ ಪತ್ರಿಕೆಯಲ್ಲಿ ಕೊಡುವ ಜಾಹೀರಾತು ಓದಿ. ಅರ್ಧ ಪುಟ, ಇರುವೆ ಸಾಲಿನಂಥ ಅಕ್ಷರ, ಯಾರೂ ಓದುವುದಿಲ್ಲ. ಅದರಲ್ಲಿ ರಿಟೇಲ್ ಕೋಷ್ಟಕ ಹುಡುಕಿ. ಮೊದಲ ಸಾಲು ಒಂದು ಲಾಟ್ ಕೇಳಿದವರದ್ದು, ಎರಡನೆಯದು ಎರಡು ಲಾಟಿನವರದ್ದು, ಹೀಗೆ ಹದಿಮೂರರವರೆಗೆ. ಪ್ರತಿ ಸಾಲಿನಲ್ಲೂ ಎಷ್ಟು ಅರ್ಜಿ ಬಂತು, ತಲೆಗೆ ಎಷ್ಟು ಷೇರು, ಯಾವ ಅನುಪಾತ ಎಂದಿರುತ್ತದೆ. ಮುಗಿಬಿದ್ದ ಐಪಿಒ ಆಗಿದ್ದರೆ ಅನುಪಾತದ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ಬೆರಳಾಡಿಸಿ: ಎಲ್ಲಾ ಸಾಲಿನಲ್ಲೂ ಹೆಚ್ಚುಕಮ್ಮಿ ಅದೇ ಸಂಖ್ಯೆ, ತಲೆಗೆ ಅದೇ ಒಂದು ಲಾಟ್. ನಾನು ಕೌಂಟರಿನಲ್ಲಿ ವಾದ ಮಾಡುವುದನ್ನು ಬಿಟ್ಟು ಈ ಕಾಗದವನ್ನೇ ಕತ್ತರಿಸಿ ಇಟ್ಟುಕೊಳ್ಳತೊಡಗಿದ್ದೆ. ಕೇಳಿದವರ ಮುಂದೆ ಹರಡಿಬಿಡುತ್ತಿದ್ದೆ.

ಇನ್ನು ನಿಮ್ಮ ಏಳು ಸೋಲು. ಹನ್ನೆರಡು ಅರ್ಜಿಗೆ ಒಂದರಂತೆ ಸಿಗುವ ಐಪಿಒಗಳು ಎಂದಿಟ್ಟುಕೊಳ್ಳೋಣ. ಒಂದರಲ್ಲಿ ಸಿಗದಿರುವ ಸಾಧ್ಯತೆ ಹನ್ನೆರಡರಲ್ಲಿ ಹನ್ನೊಂದು. ಅದನ್ನು ಏಳು ಸಲ ಗುಣಿಸಿ, ಮೇಷ್ಟ್ರಾದ ನಿಮಗೆ ಇದು ಕಷ್ಟವಲ್ಲ: ಉತ್ತರ ಸುಮಾರು 0.54. ಅಂದರೆ ನಿಮ್ಮಂತೆ ಏಳು ಸಲ ಹಾಕಿದ ನೂರು ಜನರಲ್ಲಿ ಐವತ್ತನಾಲ್ಕು ಮಂದಿ ಬರಿಗೈಯಲ್ಲೇ ಇರುತ್ತಾರೆ. ನಿಮಗಾಗಿರುವುದು ಅಪರೂಪದ ಅನ್ಯಾಯ ಅಲ್ಲ, ಅತಿ ಸಾಮಾನ್ಯ ಸಂಗತಿ. ಇದಕ್ಕೆ ಕೈವಾಡ ಬೇಕಿಲ್ಲ.

ಹಾಗೆಂದು ಕೈವಾಡವೇ ನಡೆದಿಲ್ಲ ಎಂದರೆ ಸುಳ್ಳಾಗುತ್ತದೆ. 2005ರ ಸುಮಾರಿಗೆ ಅಹಮದಾಬಾದಿನ ಕೆಲವರು ಸಾವಿರಾರು ಬೇನಾಮಿ ಡಿಮ್ಯಾಟ್ ಖಾತೆ ತೆರೆದು, ಸಣ್ಣ ಹೂಡಿಕೆದಾರರಿಗೆ ಇಟ್ಟಿದ್ದ ಷೇರನ್ನು ಗುಡಿಸಿ ಹಾಕಿಕೊಂಡಿದ್ದನ್ನು ಸೆಬಿ ಪತ್ತೆಮಾಡಿತು. ಯೆಸ್ ಬ್ಯಾಂಕ್, ಐಡಿಎಫ್‌ಸಿ ಐಪಿಒಗಳ ಕಾಲ ಅದು. ಈಗ ಅರ್ಜಿ, ಡಿಮ್ಯಾಟ್, ಬ್ಯಾಂಕ್ ಖಾತೆ ಎಲ್ಲದಕ್ಕೂ ಪ್ಯಾನ್ ಕಾವಲು ಇದೆ. ಹಂಚಿಕೆಯನ್ನು ಅದಕ್ಕೆಂದೇ ಕಂಪನಿ ನೇಮಿಸಿದ ರಿಜಿಸ್ಟ್ರಾರ್ ಒಬ್ಬರೇ ಕೂತು ಮಾಡುವುದಿಲ್ಲ, ಸ್ಟಾಕ್ ಎಕ್ಸ್‌ಚೇಂಜ್ ಅದಕ್ಕೆ ಒಪ್ಪಿಗೆ ಕೊಡಬೇಕು. ನಿಮ್ಮ ಬ್ರೋಕರ್ ದೊಡ್ಡವರೋ ಚಿಕ್ಕವರೋ, ನಿಮ್ಮ ಖಾತೆ ಹಳೆಯದೋ ಹೊಸದೋ ಎನ್ನುವುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ದೊಡ್ಡವರಿಗೆ ನಿಜವಾದ ಮುಂಬಾಗಿಲು ಬೇರೆ ಕಡೆ ಇದೆ: ಐಪಿಒ ತೆರೆಯುವ ಹಿಂದಿನ ದಿನ ಆಂಕರ್ ಎಂಬ ದೊಡ್ಡ ಸಂಸ್ಥೆಗಳಿಗೆ ಷೇರು ಕೊಡುತ್ತಾರೆ, ಯಾರಿಗೆ ಎಷ್ಟು ಎನ್ನುವುದು ಕಂಪನಿ ಮತ್ತು ಐಪಿಒ ನಡೆಸಿಕೊಡುವ ಮರ್ಚೆಂಟ್ ಬ್ಯಾಂಕರುಗಳ ಇಷ್ಟ. ಆದರೆ ಅದು ಸಂಸ್ಥೆಗಳ ಪಾಲಿನಿಂದ ಹೋಗುವುದು, ನಿಮ್ಮ ಪಾಲಿನಿಂದಲ್ಲ.

ನಿಮ್ಮ ಪಾಲೇ ಕೆಲವು ಸಲ ಚಿಕ್ಕದಿರುತ್ತದೆ, ಅದನ್ನು ಅರ್ಜಿಗೆ ಮುಂಚೆ ನೋಡಿಕೊಳ್ಳಬೇಕು. ಮೂರು ವರ್ಷ ಸರಾಸರಿ ಕನಿಷ್ಠ 15 ಕೋಟಿ ಕಾರ್ಯಾಚರಣೆ ಲಾಭ ಎಂಬುದು ಸೇರಿ ಸೆಬಿ ಕೆಲವು ಷರತ್ತು ಇಟ್ಟಿದೆ. ಅವನ್ನು ದಾಟಿದ ಕಂಪನಿ ರಿಟೇಲ್‌ಗೆ ಕನಿಷ್ಠ ಶೇ 35 ಕೊಡಬೇಕು. ದಾಟಲಾಗದವು, ಅಂದರೆ ನಷ್ಟದಲ್ಲಿರುವ ಹೊಸ ಕಾಲದ ಕಂಪನಿಗಳು, ಶೇ 75ನ್ನು ಸಂಸ್ಥೆಗಳಿಗೇ ಇಟ್ಟು ರಿಟೇಲ್‌ಗೆ ಹೆಚ್ಚೆಂದರೆ ಶೇ 10 ಕೊಡುತ್ತವೆ. ಪೇಟಿಎಂ ಹಾಗೆ ಬಂತು, ನಮ್ಮ ಬೆಂಗಳೂರಿನ ಸ್ವಿಗ್ಗಿಯೂ ಹಾಗೆಯೇ. ಐಪಿಒಗೆ ಕಂಪನಿ ಹೊರಡಿಸುವ ವಿವರಪತ್ರ, ಅಂದರೆ ಪ್ರಾಸ್ಪೆಕ್ಟಸ್ಸಿನ ಮೊದಲ ಪುಟಗಳಲ್ಲೇ ಇದು ಬರೆದಿರುತ್ತದೆ. ಶೇ 10 ಎಂದು ಕಂಡರೆ ಎರಡು ಅರ್ಥ: ಜನ ಮುಗಿಬಿದ್ದರೆ ಚೀಟಿ ಇನ್ನೂ ವಿರಳ, ಮತ್ತು ಲಾಭದ ಇತಿಹಾಸ ಇಲ್ಲದ್ದಕ್ಕೆ ನೀವು ಬೆಲೆ ಕಟ್ಟುತ್ತಿದ್ದೀರಿ.

ಈಗ ಸ್ನೇಹಿತರ ಸಲಹೆಗಳು. ಮೊದಲ ದಿನ ಹಾಕುವುದಕ್ಕೂ ಚೀಟಿಗೂ ಸಂಬಂಧವಿಲ್ಲ, ಮೂರನೆಯ ದಿನ ಮಧ್ಯಾಹ್ನ ಹಾಕಿದವನೂ ಅದೇ ಡಬ್ಬಿಯಲ್ಲಿದ್ದಾನೆ. ನಾನಂತೂ ಮೂರನೆಯ ದಿನ ಬೆಳಿಗ್ಗೆ ಹಾಕುವವನು. ಸಂಸ್ಥೆಗಳ ಬಿಡ್ ಬಹುಪಾಲು ಕೊನೆಯ ದಿನವೇ ಬರುವುದರಿಂದ, ಅವರು ಬಂದರೋ ಬೆನ್ನು ತಿರುಗಿಸಿದರೋ ಎಂದು ನೋಡಿಕೊಳ್ಳುವಷ್ಟು ಸಮಯ ಸಿಗುತ್ತದೆ. ಸಂಜೆವರೆಗೆ ಮಾತ್ರ ಕಾಯುವುದಿಲ್ಲ, ಕಾರಣ ಮುಂದೆ ಹೇಳುತ್ತೇನೆ.

ಕಡಿಮೆ ಬೆಲೆಗೆ ಬಿಡ್ ಮಾಡಿ ಎಂದವರ ಮಾತು ಕೇಳಿದ್ದರೆ ಮಾತ್ರ ಆ ಚೀಟಿಯೂ ಡಬ್ಬಿಗೆ ಬಿದ್ದಿರುವುದಿಲ್ಲ. ಇದಕ್ಕೆ ಬುಕ್ ಬಿಲ್ಡಿಂಗ್ ಎಂದರೇನೆಂದು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮೂರ ಅಡಿಕೆ ಟೆಂಡರ್ ನಿಮಗೆ ಗೊತ್ತು. ವ್ಯಾಪಾರಿಗಳು ಬೆಲೆ ಬರೆದು ಹಾಕುತ್ತಾರೆ, ಹೆಚ್ಚು ಬರೆದವನು ರಾಶಿ ಒಯ್ಯುತ್ತಾನೆ, ತಾನು ಬರೆದ ಬೆಲೆಯನ್ನೇ ಕೊಡುತ್ತಾನೆ. ಇಲ್ಲಿ ಹಾಗಲ್ಲ. ಎಲ್ಲರೂ ಬೆಲೆ ಬರೆಯುತ್ತಾರೆ, ಕೊನೆಗೆ ಎಲ್ಲರಿಗೂ ಒಂದೇ ಬೆಲೆ.

ಒಂದು ಕಂಪನಿ ನೂರು ಲಕ್ಷ ಷೇರು ಮಾರುತ್ತದೆ, ಬೆಲೆ ಪಟ್ಟಿ 285ರಿಂದ 300, ಲಾಟಿಗೆ 50 ಷೇರು ಎಂದುಕೊಳ್ಳಿ. 300 ಕೊಡುತ್ತೇವೆ ಎಂದವರು 70 ಲಕ್ಷ ಷೇರು ಕೇಳಿದ್ದಾರೆ. 295 ಎಂದವರು 40 ಲಕ್ಷ. 290 ಎಂದವರು 60 ಲಕ್ಷ. ಮೇಲಿನಿಂದ ಕೂಡಿಸುತ್ತಾ ಬನ್ನಿ: 300ರಲ್ಲಿ 70 ಲಕ್ಷ ಮಾತ್ರ, ಸಾಲದು. 295ಕ್ಕೆ ಇಳಿದರೆ 110 ಲಕ್ಷ, ನೂರು ದಾಟಿತು. ಬೆಲೆ 295ಕ್ಕೆ ನಿಂತಿತು. 300 ಬರೆದವನೂ 295 ಕೊಟ್ಟರೆ ಸಾಕು. 290 ಬರೆದವನ ಅರ್ಜಿ ಮಾತ್ರ ಹೊರಗೆ. ಅವನು ಚೀಟಿಯಲ್ಲಿ ಸೋತದ್ದಲ್ಲ, ಚೀಟಿಯೇ ಬರೆಸಲಿಲ್ಲ.

ಹೆಸರು ಮಾಡಿದ ಐಪಿಒಗಳಲ್ಲಿ ಮೇಲಿನ ಬೆಲೆಯಲ್ಲೇ ಬೇಡಿಕೆ ಹತ್ತಾರು ಪಟ್ಟು ಇರುತ್ತದೆ. ಬೆಲೆ 300ಕ್ಕೇ ನಿಲ್ಲುತ್ತದೆ, 299 ಬರೆದವನೂ ಹೊರಗೆ. ಈ ತಲೆನೋವು ಬೇಡವೆಂದೇ ರಿಟೇಲ್ ಅರ್ಜಿದಾರರಿಗೆ ‘ಕಟ್-ಆಫ್’ ಎಂಬ ಸೌಲಭ್ಯ ಕೊಟ್ಟಿದ್ದಾರೆ. ಸಂಸ್ಥೆಗಳಿಗೂ ದೊಡ್ಡ ವ್ಯಕ್ತಿಗಳಿಗೂ ಅದು ಇಲ್ಲ. ಕಟ್-ಆಫ್ ಎಂದು ಟಿಕ್ ಮಾಡಿದರೆ, ಬೆಲೆ ಎಲ್ಲಿ ನಿಂತರೂ ನನಗೆ ಒಪ್ಪಿಗೆ ಎಂದರ್ಥ. ಹಣ 300ರ ಲೆಕ್ಕದಲ್ಲಿ ಬ್ಲಾಕ್ ಆಗುತ್ತದೆ, 295ಕ್ಕೆ ನಿಂತರೆ ಷೇರಿಗೆ 5ರಂತೆ ಲಾಟಿಗೆ 250 ರೂಪಾಯಿ ನಿಮ್ಮ ಖಾತೆಯಲ್ಲೇ ಬಿಡುಗಡೆ. ಕಳೆದುಕೊಳ್ಳುವುದೇನೂ ಇಲ್ಲ. 300 ದುಬಾರಿ ಎನಿಸಿದರೆ 285ಕ್ಕೆ ಬಿಡ್ ಮಾಡಬೇಡಿ, ಆ ಐಪಿಒವನ್ನೇ ಬಿಟ್ಟುಬಿಡಿ.

ಬೆಲೆ ಪಟ್ಟಿಯ ಬಗ್ಗೆ ನನ್ನದೊಂದು ತಕರಾರೂ ಇದೆ. ಮೇಲಿನ ಬೆಲೆ ಕೆಳಗಿನದಕ್ಕಿಂತ ಶೇ 20ರವರೆಗೆ ಹೆಚ್ಚಿರಬಹುದು. ಅಷ್ಟು ಅಗಲ ಇಡುವವರು ಯಾರೂ ಕಾಣೆ. 2021ರಲ್ಲಿ ಪೇಟಿಎಂ 2,080ರಿಂದ 2,150 ಎಂದಿತು, ಶೇ ಮೂರೂವರೆಯೂ ಇಲ್ಲದ ವ್ಯತ್ಯಾಸ. ಇಂಥವನ್ನು ನೋಡಿ ಸೆಬಿ ಕನಿಷ್ಠ ಶೇ 5 ಇರಲೇಬೇಕೆಂದು ನಿಯಮ ತಂದಿತು. ಈಗ ಎಲ್ಲರೂ ಶೇ 5ರ ಗೆರೆ ಮುಟ್ಟಿಸಿ ನಿಲ್ಲಿಸುತ್ತಾರೆ: 475–500, ಹ್ಯುಂಡೈಯದು 1,865–1,960, ಎಲ್ಲವೂ ಹಾಗೇ. ಇದರಲ್ಲಿ ಮಾರುಕಟ್ಟೆ ಬೆಲೆ ಕಂಡುಹಿಡಿಯುವುದು ಕಡಿಮೆ, ಕಂಪನಿಯ ಬೆಲೆಗೆ ಮಾರುಕಟ್ಟೆ ಹೂಂ ಅನ್ನುವುದೇ ಹೆಚ್ಚು. ಹಾಗಾಗಿ ಬುಕ್ ಬಿಲ್ಡಿಂಗ್ ಆಗಿದೆ, ಬೆಲೆ ನ್ಯಾಯವಾಗಿಯೇ ಇರುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ.

ನಿಮ್ಮ ಮನೆಯವರ ಅರ್ಜಿ ಯಾಕೆ ತಿರಸ್ಕೃತವಾಯಿತು ಎನ್ನುವುದು ನಿಮ್ಮ ಪತ್ರದಲ್ಲೇ ಇದೆ. ಡಿಮ್ಯಾಟ್ ಅವರದ್ದು, ಪ್ಯಾನ್ ಅವರದ್ದು, ಹಣ ಬ್ಲಾಕ್ ಆದ ಖಾತೆ ನಿಮ್ಮದು. ಯುಪಿಐ ಐಡಿ ಕೇಳಿದ ಕಡೆ ನಿಮ್ಮದನ್ನು ತುಂಬಿರುತ್ತೀರಿ. ಇದನ್ನು ಥರ್ಡ್ ಪಾರ್ಟಿ ಅರ್ಜಿ ಎನ್ನುತ್ತಾರೆ. ಹಣ ಬ್ಲಾಕ್ ಮಾಡಲು ಒಪ್ಪಿಗೆ ಕೇಳುವ ಮ್ಯಾಂಡೇಟ್ ಫೋನಿಗೆ ಬರುತ್ತದೆ, ಹಣವೂ ಬ್ಲಾಕ್ ಆಗುತ್ತದೆ, ಎಲ್ಲಾ ಸರಿಯಿದೆ ಎಂದು ನೀವು ನಿಶ್ಚಿಂತೆಯಿಂದ ಇರುತ್ತೀರಿ. ಮುಚ್ಚಿದ ಮೇಲೆ ರಿಜಿಸ್ಟ್ರಾರ್ ಅರ್ಜಿದಾರರ ವಿವರಕ್ಕೂ ಬ್ಯಾಂಕ್ ಖಾತೆಯ ವಿವರಕ್ಕೂ ತಾಳೆ ನೋಡಿ ಕಿತ್ತುಹಾಕುತ್ತಾರೆ. ಗಂಡ ಹೆಂಡತಿ ಎನ್ನುವುದು ಇಲ್ಲಿ ನಡೆಯುವುದಿಲ್ಲ. ಅವರ ಹೆಸರಿನ ಉಳಿತಾಯ ಖಾತೆ, ಅದಕ್ಕೆ ಜೋಡಿಸಿದ ಅವರದ್ದೇ ಯುಪಿಐ ಐಡಿ, ಅವರ ಫೋನಿನಲ್ಲಿ ಅವರೇ ಒಪ್ಪಿಗೆ ಕೊಡುವುದು, ಇಷ್ಟು ಬೇಕು. ಇಲ್ಲವಾದರೆ ಅವರ ಬ್ಯಾಂಕಿನ ನೆಟ್ ಬ್ಯಾಂಕಿಂಗ್‌ನಲ್ಲಿ, ಬ್ಯಾಂಕೇ ನೇರವಾಗಿ ಹಣ ಬ್ಲಾಕ್ ಮಾಡುವ ಆಸ್ಬಾ ಮೂಲಕ ಹಾಕಬಹುದು, ಅಲ್ಲಿ ಯುಪಿಐ ಗೋಜೇ ಇಲ್ಲ. ಮುಂದೆ ಯಾವುದಾದರೂ ಅರ್ಜಿ ಬರದಿದ್ದರೆ, ಸುಮ್ಮನೆ ‘ಸಿಗಲಿಲ್ಲ’ ಎಂದು ಬಿಡಬೇಡಿ. ರಿಜಿಸ್ಟ್ರಾರ್ ವೆಬ್‌ಸೈಟಿನಲ್ಲಿ ಪ್ಯಾನ್ ಹಾಕಿ ನೋಡಿ. ಚೀಟಿಯಲ್ಲಿ ಸೋತದ್ದಕ್ಕೆ ಔಷಧ ಇಲ್ಲ, ತಿರಸ್ಕೃತವಾದದ್ದಕ್ಕೆ ಇದೆ.

ಸಂಜೆವರೆಗೆ ಕಾಯಬೇಡಿ ಎಂದೆನಲ್ಲ, ಅದರ ಕಥೆ ಇದು. ನಮ್ಮ ಗಿರಾಕಿಯೊಬ್ಬರು, ಅಡಿಕೆ ಬೆಳೆಗಾರರು, ಕೊನೆಯ ದಿನ ನಾಲ್ಕು ಗಂಟೆಯ ಹೊತ್ತಿಗೆ ತೋಟದಿಂದ ಫೋನ್ ಮಾಡಿದರು. ಬಿಡ್ ಆಗಲೇ ಹೋಗಿದೆ, ಮ್ಯಾಂಡೇಟ್ ಮಾತ್ರ ಬಂದಿಲ್ಲ. ಮರದಡಿ ಒಂದು ಗೆರೆ ಸಿಗ್ನಲ್ ಬಂದರೆ ಪಂಪ್‌ಸೆಟ್ ಹತ್ತಿರ ಅದೂ ಇಲ್ಲ. ನಾನು ಇಲ್ಲಿಂದ “ರಸ್ತೆಗೆ ಬನ್ನಿ ಗೌಡ್ರೇ, ಆ್ಯಪ್ ಒಳಗೆ ಮ್ಯಾಂಡೇಟ್ ಅಂತ ಇರುತ್ತೆ, ಅದರೊಳಗೆ ನೋಡಿ” ಎನ್ನುತ್ತಲೇ ಇದ್ದೆ. ಅವರು ಬೈಕ್ ಹತ್ತಿ ರಸ್ತೆಗೆ ಬಂದು ಒಪ್ಪಿಗೆ ಒತ್ತುವಾಗ ಐದೂ ಹತ್ತು. ಐದಕ್ಕೇ ಬಾಗಿಲು ಮುಚ್ಚಿತ್ತು. ಕೊನೆಯ ದಿನ ಸಂಜೆ ಐದರೊಳಗೆ ಮ್ಯಾಂಡೇಟ್ ಒಪ್ಪದಿದ್ದರೆ, ಬಿಡ್ ಎಷ್ಟು ದಿನ ಮುಂಚೆ ಹಾಕಿದ್ದರೂ ಅರ್ಜಿ ಇಲ್ಲದಂತೆಯೇ. ನೋಟಿಫಿಕೇಶನ್ ಬರಲೇಬೇಕೆಂದು ಕಾಯದೆ ಆ್ಯಪ್ ತೆರೆದು ಹುಡುಕಿ. ಒಪ್ಪಿದ ಮೇಲೆ ‘ಹಣ ಬ್ಲಾಕ್ ಆಗಿದೆ’ ಎಂದು ಬ್ಯಾಂಕಿನಿಂದ ಬರುವ ಎಸ್‌ಎಂಎಸ್ ಇದೆಯಲ್ಲ, ಅದು ಬರುವವರೆಗೆ ಕೆಲಸ ಮುಗಿದಿಲ್ಲ.

ಈಗ ನಿಮ್ಮ ಎಂಟನೆಯ ಐಪಿಒ. ಏಳು ಸಲ ಸಿಗದ್ದಕ್ಕಿಂತ ಈ ಒಂದು ಸಲ ಸಿಕ್ಕಿದ್ದು ನನಗೆ ಹೆಚ್ಚು ಯೋಚನೆಗೆ ಹಚ್ಚುವ ವಿಷಯ. ಹದಿಮೂರೂ ಲಾಟ್ ಬರಬೇಕಾದರೆ ರಿಟೇಲ್ ಪಾಲು ತುಂಬಿರಬಾರದು. ಅಂದರೆ ನೀವು ಬೇಕೆಂದದ್ದನ್ನು ಉಳಿದವರು ಬೇಡವೆಂದಿದ್ದರು. 2024ರ ಅಕ್ಟೋಬರಿನಲ್ಲಿ ಹ್ಯುಂಡೈ ಮೋಟಾರ್ ಇಂಡಿಯಾ 27,870 ಕೋಟಿಯ ಐಪಿಒ ತಂದಾಗ ಹೀಗೇ ಆಯಿತು. ರಿಟೇಲ್ ಪಾಲು ಅರ್ಧ ಮಾತ್ರ ತುಂಬಿತು. ಕೇಳಿದವರಿಗೆಲ್ಲಾ ಕೇಳಿದಷ್ಟೂ ಸಿಕ್ಕಿತು. 1,960ಕ್ಕೆ ಪಡೆದ ಷೇರು 1,934ಕ್ಕೆ ಲಿಸ್ಟ್ ಆಗಿ ಅದೇ ದಿನ ಇನ್ನೂ ಇಳಿಯಿತು.

ಎಲ್ಲಾ ಐಪಿಒಗಳಿಗೂ ಹದಿಮೂರು ಲಾಟ್ ಹಾಕುವವನ ಗತಿ ಏನಾಗುತ್ತದೆ ನೋಡಿ. ಒಳ್ಳೆಯದರಲ್ಲಿ ಗೆದ್ದರೆ 15,000ದ ಒಂದು ಲಾಟ್. ಯಾರಿಗೂ ಬೇಡವಾದದ್ದರಲ್ಲಿ 1,95,000ದ ಪೂರ್ತಿ ಹೊರೆ. ಲಾಭ ಚಮಚದಲ್ಲಿ, ನಷ್ಟ ಸೌಟಿನಲ್ಲಿ. ಚೀಟಿಗೆ ಏನೂ ಸಹಾಯ ಮಾಡದ ಆ ಹನ್ನೆರಡು ಹೆಚ್ಚುವರಿ ಲಾಟ್‌ಗಳು, ತಪ್ಪು ಐಪಿಒ ಆದಾಗ ಮಾತ್ರ ಕೆಲಸ ಮಾಡುತ್ತವೆ. ನಿಮ್ಮ ತಪ್ಪು ಯಾವುದೆಂದು ಕೇಳಿದಿರಲ್ಲ, ನನ್ನ ಉತ್ತರ ಇದು.

ಈ ಎರಡರ ನಡುವೆ ಒಂದು ಸಣ್ಣ ಜಾಗ ಇದೆ, ಅಲ್ಲಿ ಹೆಚ್ಚು ಲಾಟ್ ಉಪಯೋಗಕ್ಕೆ ಬರುತ್ತದೆ. ಮೇಲಿನ ಕಾಲ್ಪನಿಕ ಕಂಪನಿಯಲ್ಲೇ ನೋಡಿ: ರಿಟೇಲ್‌ಗೆ 35 ಲಕ್ಷ ಷೇರು, ಅಂದರೆ 70,000 ಲಾಟ್. ಸರಿಯಾದ ಅರ್ಜಿ 50,000 ಮಾತ್ರ, ಆದರೆ ಅವರೆಲ್ಲಾ ಸೇರಿ 1,05,000 ಲಾಟ್ ಕೇಳಿದ್ದಾರೆ. ಪತ್ರಿಕೆ ‘ಒಂದೂವರೆ ಪಟ್ಟು’ ಎನ್ನುತ್ತದೆ. ಚೀಟಿ ಎತ್ತುವ ಪ್ರಮೇಯವೇ ಇಲ್ಲ, ಎಲ್ಲರಿಗೂ ಒಂದೊಂದು ಲಾಟ್ ಖಚಿತ. ಉಳಿದ 20,000 ಲಾಟಿನ ಷೇರುಗಳು ಹೆಚ್ಚು ಕೇಳಿದವರಿಗೆ ಪ್ರಮಾಣದಂತೆ ಹಂಚಿಕೆಯಾಗುತ್ತವೆ. ಕಂಪನಿಯನ್ನು ನೀವೇ ಓದಿ ಮೆಚ್ಚಿ, ವರ್ಷಗಟ್ಟಲೆ ಇಟ್ಟುಕೊಳ್ಳಲು ಬಯಸಿದ್ದರೆ, ಕೊನೆಯ ದಿನ ಇಂಥ ತಣ್ಣನೆಯ ಪ್ರತಿಕ್ರಿಯೆ ಕಂಡಾಗ ಹೆಚ್ಚು ಕೇಳುವುದಕ್ಕೆ ಅರ್ಥವಿದೆ. ಜನ ಬೇಡವೆಂದದ್ದೆಲ್ಲಾ ಕೆಟ್ಟದ್ದಲ್ಲ. 1993ರಲ್ಲಿ ಇನ್ಫೋಸಿಸ್ 95 ರೂಪಾಯಿಗೆ ಷೇರು ಕೊಡಲು ಬಂದಾಗ ಅದು ಪೂರ್ತಿ ತುಂಬಲಿಲ್ಲ ಎನ್ನುವುದು ನಮ್ಮ ಕಚೇರಿಗಳಲ್ಲಿ ಇವತ್ತಿಗೂ ಚಹಾ ಕುಡಿಯುತ್ತಾ ಹೇಳುವ ಮಾತು. ಆದರೆ ಇನ್ಫೋಸಿಸ್ ಒಂದೇ ಇತ್ತು, ಅದರ ಉದಾಹರಣೆ ಕೊಟ್ಟು ಮಾರಿದ ಕಂಪನಿಗಳು ನೂರಾರು.

ಹಾಗಾದರೆ ಮುಂದೇನು ಮಾಡಬಹುದು? ಅವಕಾಶ ನಿಜವಾಗಿ ಹೆಚ್ಚುವುದು ಪ್ಯಾನ್‌ಗಳ ಲೆಕ್ಕದಲ್ಲಿ. ನೀವು, ಮನೆಯವರು, ದುಡಿಯುವ ಮಗ, ಮಗಳು ನಾಲ್ವರೂ ಒಂದೊಂದೇ ಲಾಟ್ ಹಾಕಿದರೆ 60,000ದಲ್ಲಿ ಮುಗಿಯುತ್ತದೆ. ಹನ್ನೆರಡಕ್ಕೊಂದು ಸಿಗುವ ಐಪಿಒದಲ್ಲಿ ಮನೆಗೆ ಒಂದಾದರೂ ಬರುವ ಸಾಧ್ಯತೆ ಶೇ 8ರಿಂದ ಸುಮಾರು ಶೇ 29ಕ್ಕೆ ಏರುತ್ತದೆ. ಅವರವರ ಹಣ, ಅವರವರ ಖಾತೆ ಆಗಿರಬೇಕು. ಮನೆಯವರಿಗೆ ನೀವೇ ಹಣ ಕೊಟ್ಟರೆ, ಮಾರಿದಾಗ ಬಂದ ಲಾಭ ತೆರಿಗೆಯ ಲೆಕ್ಕದಲ್ಲಿ ನಿಮ್ಮ ಆದಾಯಕ್ಕೇ ಸೇರುತ್ತದೆ, ಅದನ್ನು ಮರೆಯಬೇಡಿ. ಒಂದೇ ಪ್ಯಾನ್‌ನಿಂದ ಎರಡು ಬ್ರೋಕರ್‌ಗಳ ಮೂಲಕ ಎರಡು ಅರ್ಜಿ ಹಾಕಿದರೆ ಎರಡೂ ಹೋಗುವ ಅಪಾಯ ಇದೆ. ಊರವರ ಹೆಸರಿನಲ್ಲಿ ಹಾಕಿಸಿ ‘ಬಂದರೆ ಇಷ್ಟು ಕೊಡುತ್ತೇನೆ’ ಎನ್ನುವ ವ್ಯವಹಾರಕ್ಕೆ ಮಾತ್ರ ಇಳಿಯಬೇಡಿ, 2005ರ ಪ್ರಕರಣದ ಚಿಕ್ಕ ರೂಪವೇ ಅದು.

ಹೆಚ್ಚು ಜನಕ್ಕೆ ತಿಳಿಯದ ಇನ್ನೊಂದು ದಾರಿ ಷೇರುದಾರರ ಪಾಲು. ಲಿಸ್ಟ್ ಆಗಿರುವ ಕಂಪನಿ ತನ್ನ ಮಕ್ಕಳ ಕಂಪನಿಯನ್ನು ಐಪಿಒಗೆ ತಂದಾಗ ಕೆಲವೊಮ್ಮೆ ತನ್ನ ಷೇರುದಾರರಿಗೆ ಒಂದಿಷ್ಟು ತೆಗೆದಿಡುತ್ತದೆ. ಟಾಟಾ ಟೆಕ್ನಾಲಜೀಸ್‌ನಲ್ಲಿ ಟಾಟಾ ಮೋಟಾರ್ಸ್‌ನವರಿಗೆ ಇತ್ತು, 2024ರಲ್ಲಿ ಬಂದ ಬಜಾಜ್ ಹೌಸಿಂಗ್ ಫೈನಾನ್ಸ್‌ನಲ್ಲೂ ಇತ್ತು. ತಾಯಿ ಕಂಪನಿಯ ಒಂದೇ ಷೇರು ಇದ್ದರೂ ಸಾಕು, ಆದರೆ ರೆಡ್ ಹೆರಿಂಗ್ ಪ್ರಾಸ್ಪೆಕ್ಟಸ್ ಎಂಬ ಅಂತಿಮ ಕರಡನ್ನು ಸಲ್ಲಿಸುವ ದಿನ ಅದು ನಿಮ್ಮ ಡಿಮ್ಯಾಟ್‌ನಲ್ಲಿ ಇರಬೇಕು. ಐಪಿಒ ದಿನಾಂಕ ಪತ್ರಿಕೆಯಲ್ಲಿ ಬಂದ ಮೇಲೆ ಕೊಂಡರೆ ಸಾಮಾನ್ಯವಾಗಿ ಕಾಲ ಮಿಂಚಿರುತ್ತದೆ. ಇದರಲ್ಲಿ ಅದೇ ಪ್ಯಾನ್‌ನಿಂದ ರಿಟೇಲ್‌ನಲ್ಲಿ ಒಂದು, ಷೇರುದಾರರ ವರ್ಗದಲ್ಲಿ ಒಂದು, ಹೀಗೆ ಎರಡು ಚೀಟಿ ಬೀಳಲು ಅವಕಾಶ ಇರುತ್ತದೆ.

ಎರಡು ಲಕ್ಷ ದಾಟಿಸಿ ಹದಿನಾಲ್ಕು ಲಾಟ್ ಹಾಕಿ, ಅಲ್ಲಿ ಪೈಪೋಟಿ ಕಡಿಮೆ ಎನ್ನುವವರೂ ಸಿಗುತ್ತಾರೆ. ಎರಡರಿಂದ ಹತ್ತು ಲಕ್ಷದವರದ್ದು ಬೇರೆ ಡಬ್ಬಿ, ಗೆದ್ದರೆ ಎರಡು ಲಕ್ಷಕ್ಕಿಂತ ಸ್ವಲ್ಪ ಹೆಚ್ಚಿನ ಷೇರು ಒಟ್ಟಿಗೆ ಬರುತ್ತದೆ. ಆದರೆ ಅಲ್ಲಿ ಕಟ್-ಆಫ್ ಇಲ್ಲ, ಒಮ್ಮೆ ಹಾಕಿದ ಬಿಡ್ ಹಿಂತೆಗೆಯಲು ಅಥವಾ ಇಳಿಸಲು ಬರುವುದಿಲ್ಲ. ರಿಟೇಲ್‌ನವರು ಮುಚ್ಚುವವರೆಗೆ ಹಿಂತೆಗೆಯಬಹುದು. ಪಿಂಚಣಿಯ ಹಣದಲ್ಲಿ ಆಡುವ ಆಟ ಅದಲ್ಲ ಎಂದು ನನ್ನ ಅಭಿಪ್ರಾಯ. ಇನ್ನು ‘ಗ್ರೇ ಮಾರ್ಕೆಟ್‌ನಲ್ಲಿ ಇಷ್ಟು ಪ್ರೀಮಿಯಂ ಇದೆ’ ಎಂಬ ಸುದ್ದಿ. ಅದು ಯಾವ ಎಕ್ಸ್‌ಚೇಂಜ್ ಕೂಡ ದಾಖಲಿಸದ, ಸೆಬಿ ಕೈಯಿಡದ ಬಾಯಿಮಾತಿನ ಬೆಲೆ. ಜನರ ಉತ್ಸಾಹ ಎಷ್ಟಿದೆ ಎಂದು ತಿಳಿಯಲು ಕಿವಿಯ ಮೇಲೆ ಹಾಕಿಕೊಳ್ಳಬಹುದು, ಅದನ್ನು ನಂಬಿ ಹದಿಮೂರು ಲಾಟ್ ಹಾಕಬಾರದು.

ಹಣದ ವಿಷಯ ಒಂದು ಮಾತು. ಬ್ಲಾಕ್ ಆದ ಹಣ ನಿಮ್ಮ ಖಾತೆಯಲ್ಲೇ ಇರುತ್ತದೆ, ಉಳಿತಾಯ ಖಾತೆಯ ಬಡ್ಡಿಯೂ ಬರುತ್ತದೆ. 2023ರ ಡಿಸೆಂಬರಿನಿಂದ, ಮುಚ್ಚಿದ ದಿನದಿಂದ ಮೂರನೆಯ ಕೆಲಸದ ದಿನಕ್ಕೆ ಷೇರು ಲಿಸ್ಟ್ ಆಗಬೇಕು. ಮರುದಿನ ಅಲಾಟ್‌ಮೆಂಟ್, ಅದರ ಮರುದಿನ ಸಿಗದವರ ಹಣ ಬಿಡುಗಡೆ. ಆ ದಿನ ದಾಟಿಯೂ ಬ್ಲಾಕ್ ತೆಗೆಯದಿದ್ದರೆ ದಿನಕ್ಕೆ 100 ರೂಪಾಯಿ ಅಥವಾ ಅರ್ಜಿ ಮೊತ್ತದ ಮೇಲೆ ವಾರ್ಷಿಕ ಶೇ 15, ಯಾವುದು ಹೆಚ್ಚೋ ಅದನ್ನು ತಡಮಾಡಿದವರು ಕೊಡಬೇಕು. ಮೊದಲು ಬ್ಯಾಂಕಿಗೆ ಅರ್ಜಿ ಸಂಖ್ಯೆಯೊಂದಿಗೆ ಬರೆಯಿರಿ, ಆಗದಿದ್ದರೆ ಸೆಬಿಯ ಸ್ಕೋರ್ಸ್ ತಾಣದಲ್ಲಿ ದೂರು ಹಾಕಿ.

ಸದ್ಯಕ್ಕೆ ಮಾಡಬೇಕಾದ ಕೆಲಸ ಒಂದೇ. ಮನೆಯವರನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ, ಅವರ ಖಾತೆಗೆ ಅವರ ಫೋನ್ ನಂಬರ್ ಜೋಡಿಸಿಸಿ, ಯುಪಿಐ ಐಡಿ ಮಾಡಿಸಿ. ಮುಂದಿನ ಐಪಿಒ ಬರುವವರೆಗೆ ಕಾಯಬೇಡಿ, ಆ ಮೂರು ದಿನಗಳಲ್ಲಿ ಬ್ಯಾಂಕಿನವರಿಗೂ ಪುರುಸೊತ್ತಿರುವುದಿಲ್ಲ.